ಚೆಕ್ಕಿನ ಮೇಲಿನ ತಾರೀಖು



ಎಲೆಕ್ಟ್ರಾನಿಕ್ ಸಿಟಿಯ ಕಡೆ ಒಬ್ಬ ಊಟದ ಗುತ್ತಿಗೆದಾರರಿಗೆ ತಾವು ಟೊಮೇಟೊ, ಹುರುಳಿಕಾಯಿ ಹಾಕಿದಿರೆನ್ನಿ. 2024ರ ಡಿಸೆಂಬರ್ 20ರಂದು ಅವರು 48,000 ರೂಪಾಯಿಗೆ ಚೆಕ್ಕು ಬರೆದು, "ಹಬ್ಬ ಕಳೆಯಲಿ, ಆಮೇಲೆ ಹಾಕಿಕೊಳ್ಳಿ" ಎಂದರು. ಹಣ ಎಣಿಸುವ ಮೊದಲು ಚೆಕ್ಕಿನ ಬಲಗಡೆ ಮೇಲಿನ ಎಂಟು ಚೌಕಗಳನ್ನು ನೋಡಿರಿ. ಮೊದಲೆರಡರಲ್ಲಿ ದಿನ, ಮುಂದಿನ ಎರಡರಲ್ಲಿ ತಿಂಗಳು, ಕೊನೆಯ ನಾಲ್ಕರಲ್ಲಿ ವರ್ಷ. ಅಲ್ಲಿ 15-01-2025 ಎಂದು ಇದ್ದರೆ ಅದು ಮುಂದಿನ ತಾರೀಖಿನ ಚೆಕ್ಕು.

ಇಂಥ ಚೆಕ್ಕು ತಪ್ಪೇನೂ ಅಲ್ಲ. ಆದರೆ ಕೈಗೆ ಬಂದ ದಿನ ಅದು ಹಣವಲ್ಲ. ಸಂಕ್ರಾಂತಿಯ ಮರುದಿನವಾದ ಜನವರಿ 15ಕ್ಕೆ ಮೊದಲು ಬ್ಯಾಂಕಿಗೆ ಕೊಟ್ಟರೆ ಹಿಂದಕ್ಕೆ ಬರುತ್ತದೆ. ಅಷ್ಟರೊಳಗೆ ಬರೆದವರು ಖಾತೆಯ ಹಣವನ್ನೆಲ್ಲ ತೆಗೆದುಬಿಡಬಹುದು, ಹಣ ಕೊಡಬೇಡಿರೆಂದು ಬ್ಯಾಂಕಿಗೆ ತಿಳಿಸಲೂಬಹುದು. ಆದುದರಿಂದ ಪರಿಚಯ ಕಡಿಮೆ ಇರುವವರಿಂದ ಮುಂದಿನ ತಾರೀಖಿನ ಚೆಕ್ಕು ಪಡೆಯುವಾಗ ಮಾಲಿನ ರಸೀತಿಗೂ ಅವರ ಸಹಿ ಹಾಕಿಸಿಕೊಳ್ಳಿರಿ.

ಇನ್ನು ತಾರೀಖು ಬಂದ ಮೇಲೆ ಎಷ್ಟು ದಿನ? ಮೊದಲು ಆರು ತಿಂಗಳಿತ್ತು. ರಿಸರ್ವ್ ಬ್ಯಾಂಕಿನ ಆದೇಶದಂತೆ 2012ರ ಏಪ್ರಿಲ್ 1ರಿಂದ ಮೂರೇ ತಿಂಗಳು. ಹಳೆಯ ಲೆಕ್ಕವನ್ನೇ ನಂಬಿ ಚೆಕ್ಕನ್ನು ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳುವವರು ಈಗಲೂ ಇದ್ದಾರೆ. ಈ ಮೂರು ತಿಂಗಳನ್ನು ಎಣಿಸುವುದು ಕೈಗೆ ಬಂದ ದಿನದಿಂದಲ್ಲ, ಚೆಕ್ಕಿನ ಮೇಲೆ ಬರೆದ ದಿನದಿಂದ. ನಮ್ಮ ಚೆಕ್ಕನ್ನು 2025ರ ಏಪ್ರಿಲ್ 15ರೊಳಗೆ ಬ್ಯಾಂಕಿಗೆ ಸಲ್ಲಿಸಬೇಕು. ಕೊನೆಯ ದಿನ ರಜೆ ಬಿದ್ದೀತು. ಒಂದು ವಾರ ಮೊದಲೇ ಕೊಡುವುದು ಮೇಲು. ಆ ದಿನ ದಾಟಿದರೆ ಅದು ಅವಧಿ ಮೀರಿದ ಚೆಕ್ಕು. ಖಾತೆಯಲ್ಲಿ ಹಣ ತುಂಬಿದ್ದರೂ ಬ್ಯಾಂಕು ಕೊಡುವುದಿಲ್ಲ.

ಜನವರಿಯಲ್ಲಿ ಮತ್ತೊಂದು ತೊಡಕುಂಟು. ಕೈ ರೂಢಿಯಿಂದ ಹಳೆಯ ವರ್ಷವನ್ನೇ ಬರೆಯುತ್ತದೆ. 15-01-2025ರ ಬದಲು 15-01-2024 ಎಂದಾದರೆ ಚೆಕ್ಕು ಬರೆದ ಗಳಿಗೆಯಲ್ಲೇ ಅವಧಿ ಮೀರಿದ್ದು! ತಾವೇ ಅದನ್ನು ತಿದ್ದಬೇಡಿರಿ. ಬರೆದವರ ಒಪ್ಪಿಗೆಯಿಲ್ಲದೆ ತಿದ್ದಿದ ಚೆಕ್ಕು ಕೆಟ್ಟಂತೆಯೇ. ತಾರೀಖನ್ನು ಬರೆದವರೇ ತಿದ್ದಿ ಪೂರ್ಣ ಸಹಿ ಮಾಡಬಹುದಾದರೂ, ಹೊಸ ಚೆಕ್ಕು ಬರೆಸಿಕೊಳ್ಳುವುದೇ ಲೇಸು.

ಅವಧಿ ಮೀರಿತೆಂದರೆ ಬಾಕಿ ಹಣ ಮುಳುಗಿಹೋಯಿತೆಂದಲ್ಲ. ಸಾಲ ಹಾಗೆಯೇ ಇರುತ್ತದೆ. ಹಳೆಯ ಚೆಕ್ಕು ತೋರಿಸಿ ಹೊಸದನ್ನು ಕೇಳಬಹುದು. ಆದರೆ ತಾವು ಒಂದು ಹಿಡಿತ ಕಳೆದುಕೊಂಡಿರುತ್ತೀರಿ. ಅವಧಿಯೊಳಗೆ ಸಲ್ಲಿಸಿದ ಚೆಕ್ಕು ಹಣವಿಲ್ಲವೆಂದು ವಾಪಸಾದರೆ, 1881ರ ಕಾನೂನಿನ 138ನೆಯ ಕಲಮಿನಂತೆ ಬರೆದವರ ಮೇಲೆ ಫಿರ್ಯಾದು ಹೂಡಬಹುದು. ಅದಕ್ಕೆ, ಬ್ಯಾಂಕಿನಿಂದ ವಿಷಯ ತಿಳಿದ 30 ದಿನದೊಳಗೆ ಅವರಿಗೆ ಲಿಖಿತ ನೋಟೀಸು ಕಳಿಸಬೇಕು. ನೋಟೀಸು ಮುಟ್ಟಿದ ಮೇಲೆ ಹಣ ಕಟ್ಟಲು ಅವರಿಗೆ 15 ದಿನವಿದೆ. ಅವಧಿ ಮೀರಿ ಸಲ್ಲಿಸಿದ ಚೆಕ್ಕಿಗೆ ಈ ಕಲಮು ಅನ್ವಯಿಸದು. ಬ್ಯಾಂಕು ಚೆಕ್ಕಿನ ಜೊತೆ ಕೊಡುವ ಚೀಟಿಯಲ್ಲಿ ವಾಪಸಿನ ಕಾರಣ ಬರೆದಿರುತ್ತದೆ. ಅದನ್ನು ಓದಿಸಿಕೊಂಡು, ಚೆಕ್ಕಿನ ಜೊತೆಗೇ ಜೋಪಾನವಾಗಿಡಿರಿ.