ಮೊದಲು ಫಿಲೆಟ್, ಆಮೇಲೆ ಶೆಲ್, ಕೊನೆಗೆ ಚಾಂಫರ್

ಫಿಲೆಟ್ ಫೇಲ್ ಆದ ಕೂಡಲೇ ನಾವೆಲ್ಲ ರೇಡಿಯಸ್ ಕಮ್ಮಿ ಮಾಡ್ತಾ ಹೋಗ್ತೀವಿ. ಎಷ್ಟೋ ಸಲ ತೊಂದರೆ ಇರೋದು ಅಳತೆಯಲ್ಲಲ್ಲ, ಕ್ರಮದಲ್ಲಿ. ಒಂದು ಪ್ಲಾಸ್ಟಿಕ್ ಡಬ್ಬಿ ತಗೊಳ್ಳಿ: 80 × 50 × 30 ಮಿ.ಮೀ., ಗೋಡೆಯ ದಪ್ಪ 2 ಮಿ.ಮೀ., ಮೇಲ್ಭಾಗ ತೆರೆದಿದೆ.

ಇನ್ನೂ ಗಟ್ಟಿ ಬ್ಲಾಕ್ ಇರುವಾಗಲೇ ನಾಲ್ಕು ಲಂಬ ಅಂಚುಗಳಿಗೆ 6 ಮಿ.ಮೀ. ಫಿಲೆಟ್ ಹಾಕಿ. ಈಗ ತಳದ ಅಂಚು ಮೂಲೆಯಲ್ಲಿ ಮುರಿಯದೆ ಒಂದೇ ಸುತ್ತಾಗಿ ಸಿಗುತ್ತೆ. ಒಂದು ಕ್ಲಿಕ್‌ನಲ್ಲಿ 3 ಮಿ.ಮೀ. ಫಿಲೆಟ್ ಸುತ್ತಲೂ ಕೂರುತ್ತೆ. ತಳಕ್ಕೆ 6ಕ್ಕಿಂತ ದೊಡ್ಡ ರೇಡಿಯಸ್ ಕೊಟ್ಟರೆ ಮೂಲೆಯ ತಿರುವಿನಲ್ಲಿ ಫಿಲೆಟ್ ಮೇಲ್ಮೈ ತನ್ನನ್ನೇ ತಾನು ಕತ್ತರಿಸಿಕೊಳ್ಳುತ್ತೆ. ಫೇಲ್ ಆಗೋದು ಅಲ್ಲೇ. ಅದಕ್ಕೇ ದೊಡ್ಡದು ಮೊದಲು, ಚಿಕ್ಕದು ಆಮೇಲೆ.

ಇದಾದ ಮೇಲೆ 2 ಮಿ.ಮೀ. ಶೆಲ್ ಮಾಡಿ. ಹೊರಗಿನ 6 ಒಳಗೆ 4 ಆಗುತ್ತೆ, 3 ಇದ್ದದ್ದು 1 ಆಗುತ್ತೆ. ಗೋಡೆ ಎಲ್ಲ ಕಡೆ 2 ಮಿ.ಮೀ. ಇರುತ್ತೆ.

ಇದನ್ನೇ ತಿರುಗಿಸಿ, ಶೆಲ್ ಮೊದಲು ಮಾಡಿದರೆ? ಒಳಮೂಲೆ ಚೂಪಾಗಿಯೇ ಉಳಿಯುತ್ತೆ. ಹೊರಗೆ 6 ಮಿ.ಮೀ. ಫಿಲೆಟ್ ಹಾಕಿದಾಗ ಲಂಬ ಮೂಲೆಯಲ್ಲಿ ಉಳಿಯುವ ದಪ್ಪ 6 − 4√2, ಅಂದರೆ ಸುಮಾರು 0.34 ಮಿ.ಮೀ. ಮಾತ್ರ! ಎರರ್ ಬರದೇ ಇರಬಹುದು, ಸೆಕ್ಷನ್ ವ್ಯೂನಲ್ಲಿ ಅಡ್ಡ ಕತ್ತರಿಸಿ ನೋಡಿದರೆ ಗೊತ್ತಾಗುತ್ತೆ. 7 ಮಿ.ಮೀ. ಕೊಟ್ಟರೆ ಫಿಲೆಟ್ ಒಳಮೂಲೆಯನ್ನೇ ದಾಟುತ್ತೆ. ಮೂಲೆ ತೂತಾಗುತ್ತೆ, ಇಲ್ಲವೇ ಫೀಚರ್ ಫೇಲ್ ಆಗುತ್ತೆ.

ಬಾಯಿಯ ಅಂಚಿಗೆ 0.5 ಮಿ.ಮೀ. ಚಾಂಫರ್ ಕೊನೆಗಿರಲಿ. ಅದನ್ನು ಮೊದಲೇ ಹಾಕಿದರೆ ಲಂಬ ಅಂಚು ಮೇಲ್ತುದಿಯಲ್ಲಿ ತುಂಡಾಗಿ, ಫಿಲೆಟ್ ಮುಗಿಯೋ ಜಾಗದಲ್ಲಿ ಸಣ್ಣ ಓರೆ ಮೂಲೆ ಉಳಿದುಬಿಡುತ್ತೆ.