ಹೃದಯಕ್ಕೆ ಸ್ಟೆಂಟ್, ಎದೆಯುರಿಗೆ ಮಾತ್ರೆ

ಮುಂಬಯಿಯ ಉಪನಗರಗಳಲ್ಲಿ ಎದೆಯುರಿಯ ಔಷಧವನ್ನು ಕೊಳ್ಳಲು ವೈದ್ಯರ ಚೀಟಿ ಬೇಕೆಂದು ಯಾರೂ ಭಾವಿಸುವುದಿಲ್ಲ. ರೈಲು ನಿಲ್ದಾಣದ ಹೊರಗಿನ ಔಷಧದಂಗಡಿಯ ಮುಂದೆ ನಿಂತು 'ಅಸಿಡಿಟಿ' ಎಂದರೆ ಸಾಕು, ಒಂದು ಪಟ್ಟಿ ಕ್ಯಾಪ್ಸೂಲು ಕೈಗೆ ಬರುತ್ತದೆ. ಬಹುಮಂದಿಗೆ ಇದರಿಂದ ಅಂಥ ಕೇಡೇನೂ ಆಗದು. ಆದರೆ ಹೃದಯದ ಧಮನಿಯಲ್ಲಿ ಸ್ಟೆಂಟ್ ಇರಿಸಿಕೊಂಡು, ಕ್ಲೊಪಿಡೊಗ್ರೆಲ್ ಎಂಬ ಗುಳಿಗೆಯನ್ನು ನಿತ್ಯವೂ ನುಂಗುತ್ತಿರುವವರಿಗೆ, ಆ ಪಟ್ಟಿಯ ಮೇಲೆ ಒಮೆಪ್ರಜೋಲ್ ಎಂದಿದೆಯೋ ಪ್ಯಾಂಟೊಪ್ರಜೋಲ್ ಎಂದಿದೆಯೋ ಎಂಬುದು ಗಮನಿಸಬೇಕಾದ ಸಂಗತಿಯೇ ಆಗಿದೆ.

ಉದಾಹರಣೆಗೆ, ಡೊಂಬಿವಲಿಯಲ್ಲಿ ವಾಸವಾಗಿರುವ 67 ವರ್ಷದ ಗೃಹಸ್ಥರೊಬ್ಬರನ್ನು ಕಲ್ಪಿಸಿಕೊಳ್ಳಬಹುದು. ಫೋರ್ಟಿನ ಹೋಟೆಲೊಂದರ ಗಲ್ಲೆಯಲ್ಲಿ ನಾಲ್ಕು ದಶಕ ಕುಳಿತು ನಿವೃತ್ತರಾದವರು. ಹೊತ್ತು ತಪ್ಪಿದ ಊಟ, ಮೇಲಿಂದ ಮೇಲೆ ಚಹಾ. ಹಿಂದೊಮ್ಮೆ ಜಠರದಲ್ಲಿ ಹುಣ್ಣಾಗಿ ರಕ್ತಸ್ರಾವವೂ ಆಗಿತ್ತು. ಹೃದಯಾಘಾತವಾಗಿ ಪರೇಲಿನ ಆಸ್ಪತ್ರೆಯೊಂದರಲ್ಲಿ ಸ್ಟೆಂಟ್ ಹಾಕಿಸಿಕೊಂಡು ಮನೆಗೆ ಬಂದಾಗ ಅವರ ಚೀಟಿಯಲ್ಲಿ ಆಸ್ಪಿರಿನ್ 75 ಮಿಲಿಗ್ರಾಂ, ಕ್ಲೊಪಿಡೊಗ್ರೆಲ್ 75 ಮಿಲಿಗ್ರಾಂ, ಕೊಲೆಸ್ಟರಾಲಿನ ಗುಳಿಗೆ, ಮತ್ತು ಬೆಳಗಿನ ತಿಂಡಿಗೆ ಮುನ್ನ ಪ್ಯಾಂಟೊಪ್ರಜೋಲ್ 40 ಮಿಲಿಗ್ರಾಂ ಎಂದಿತ್ತು. ಒಂದೂವರೆ ತಿಂಗಳ ಬಳಿಕ ಕೊನೆಯ ಗುಳಿಗೆ ಮುಗಿಯಿತು. ಬೀದಿಯ ಅಂಗಡಿಯಾತನು ಅದರ ಬದಲಿಗೆ ಒಮೆಪ್ರಜೋಲ್ 20 ಮಿಲಿಗ್ರಾಂ ಮತ್ತು ಡೊಂಪೆರಿಡೋನ್ ಕೂಡಿದ ಕ್ಯಾಪ್ಸೂಲನ್ನು ಕೊಟ್ಟನು. ಹನ್ನೆರಡು ದಿನ ಕಳೆದ ಮೇಲೆ ಸೊಸೆ ಪಟ್ಟಿಯ ಹಿಂಬದಿಯನ್ನು ಓದಿ, "ಮಾವ, ಇದು ಮೊದಲಿನದಲ್ಲ, ಹೆಸರು ಬೇರೆ ಇದೆ" ಎಂದಳು. "ಎರಡೂ ಗ್ಯಾಸಿನದೇ ಅಲ್ಲವೇನಮ್ಮ? ಅಂಗಡಿಯವನೇ ಹಾಗೆಂದ" ಎಂಬುದು ಅವರ ಉತ್ತರವಾಗಿತ್ತು.

ಎರಡೂ ಗ್ಯಾಸಿನವೇ ಎಂಬುದು ನಿಜ. ಜಠರದ ಗೋಡೆಯಲ್ಲಿ ಆಮ್ಲವನ್ನು ಹೊರಹಾಕುವ ಸೂಕ್ಷ್ಮ ಪಂಪುಗಳನ್ನು ಎರಡೂ ಒಂದೇ ಬಗೆಯಲ್ಲಿ ನಿಲ್ಲಿಸುತ್ತವೆ. ವ್ಯತ್ಯಾಸವಿರುವುದು ಜಠರದಲ್ಲಲ್ಲ, ಯಕೃತ್ತಿನಲ್ಲಿ.

ಸ್ಟೆಂಟ್ ಎಂಬುದು ಲೋಹದ ಜಾಲರಿಯ ಕಿರುಕೊಳವೆ. ಅದರ ಒಳಮೈಯನ್ನು ದೇಹದ ಪೊರೆಯು ಆವರಿಸಿಕೊಳ್ಳುವವರೆಗೆ ರಕ್ತದ ಕಿರುಬಿಲ್ಲೆಗಳು ಆ ಪರಕೀಯ ಲೋಹಕ್ಕೆ ಅಂಟಿ ಹೆಪ್ಪುಗಟ್ಟುವ ಭಯವಿರುತ್ತದೆ. ಹಾಗೆ ಹೆಪ್ಪುಗಟ್ಟಿದರೆ ಧಮನಿಯು ಹಠಾತ್ತನೆ ಮುಚ್ಚಿ ಮತ್ತೊಂದು ಹೃದಯಾಘಾತವಾಗುತ್ತದೆ. ಆದ್ದರಿಂದಲೇ ಆಸ್ಪಿರಿನ್ನಿನ ಜೊತೆಗೆ ಕ್ಲೊಪಿಡೊಗ್ರೆಲನ್ನು ಅಥವಾ ಅದೇ ಕೆಲಸದ ಮತ್ತೊಂದು ಔಷಧವನ್ನು ಕೊಡುವುದು. ಆದರೆ ಕ್ಲೊಪಿಡೊಗ್ರೆಲ್ ನುಂಗಿದ ರೂಪದಲ್ಲಿ ಏನನ್ನೂ ಮಾಡದು; ಅದು ಬೇಯಿಸದ ಅಕ್ಕಿಯಂತೆ. ಕರುಳಿನಿಂದ ಹೀರಲ್ಪಟ್ಟ ಅದರ ಬಹುಪಾಲು, ಸುಮಾರು ನೂರಕ್ಕೆ 85 ಭಾಗ, ನಿಷ್ಪ್ರಯೋಜಕ ವಸ್ತುವಾಗಿ ಬದಲಾಗಿ ಹೋಗುತ್ತದೆ. ಉಳಿದ ಅಲ್ಪ ಭಾಗವನ್ನು ಯಕೃತ್ತಿನ ಕಿಣ್ವಗಳು ಎರಡು ಹಂತಗಳಲ್ಲಿ ಪರಿವರ್ತಿಸಿ ಕ್ರಿಯಾಶೀಲ ಔಷಧವನ್ನಾಗಿ ಮಾಡುತ್ತವೆ. ಈ ಎರಡು ಹಂತಗಳಲ್ಲಿಯೂ ಮುಖ್ಯ ಪಾತ್ರ ವಹಿಸುವ ಕಿಣ್ವಕ್ಕೆ ಸಿವೈಪಿ 2ಸಿ19 ಎಂದು ಹೆಸರು. ಹೀಗೆ ಸಿದ್ಧವಾದ ಔಷಧವು ಕಿರುಬಿಲ್ಲೆಗೆ ಒಮ್ಮೆ ಅಂಟಿದರೆ, ಅದು ಬದುಕಿರುವ ಏಳರಿಂದ ಹತ್ತು ದಿನಗಳವರೆಗೂ ಬಿಡುವುದಿಲ್ಲ.

ಒಮೆಪ್ರಜೋಲ್ ಕೂಡ ಇದೇ ಕಿಣ್ವದ ಮೂಲಕ ಕರಗಿಹೋಗುವ ಔಷಧ. ಹೋಗುವಾಗ ಅದು ಕಿಣ್ವವನ್ನು ಕೆಡಿಸಿಯೂ ಹೋಗುತ್ತದೆ. ಇಬ್ಬರು ಗಿರಾಕಿಗಳು ಒಂದೇ ಕಿಟಕಿಯ ಮುಂದೆ ಸರದಿ ನಿಂತಂಥ ಸಂಗತಿ ಇದಲ್ಲ. ಮೊದಲು ಬಂದವನು ಕಿಟಕಿಯನ್ನೇ ಮುಚ್ಚಿಸಿ ಹೋದಂತೆ. ಅನೇಕರು, ಕೆಲವು ವೈದ್ಯರು ಸಹ, ಕ್ಲೊಪಿಡೊಗ್ರೆಲನ್ನು ಬೆಳಗ್ಗೆಯೂ ಒಮೆಪ್ರಜೋಲನ್ನು ರಾತ್ರಿಯೂ ತೆಗೆದುಕೊಂಡರೆ ತೊಡಕು ಕಳೆಯಿತೆಂದು ತಿಳಿಯುವುದುಂಟು. ಒಮೆಪ್ರಜೋಲ್ ಕೆಲವೇ ತಾಸುಗಳಲ್ಲಿ ರಕ್ತದಿಂದ ಮಾಯವಾಗುವುದರಿಂದ ಈ ತರ್ಕವು ಸರಿಯೆಂದೇ ತೋರುತ್ತದೆ. ಆದರೆ ಕೆಟ್ಟ ಕಿಣ್ವದ ಸ್ಥಾನದಲ್ಲಿ ಹೊಸ ಕಿಣ್ವವನ್ನು ಯಕೃತ್ತು ನಿರ್ಮಿಸಿಕೊಳ್ಳಬೇಕು. ಅದಕ್ಕೆ ಹೆಚ್ಚು ಕಾಲ ಹಿಡಿಯುತ್ತದೆ. ಹನ್ನೆರಡು ತಾಸುಗಳ ಅಂತರದಲ್ಲಿ ಕೊಟ್ಟು ನೋಡಿದಾಗಲೂ ಪರಿಣಾಮವು ತಪ್ಪಲಿಲ್ಲ. ಆರೋಗ್ಯವಂತರಿಗೆ ದಿನಕ್ಕೆ 80 ಮಿಲಿಗ್ರಾಂ ಒಮೆಪ್ರಜೋಲನ್ನು ಕ್ಲೊಪಿಡೊಗ್ರೆಲಿನೊಡನೆ ಐದು ದಿನ ಕೊಟ್ಟ ಪರೀಕ್ಷೆಯಲ್ಲಿ ಕ್ರಿಯಾಶೀಲ ರೂಪವು ನೂರಕ್ಕೆ 40ಕ್ಕಿಂತ ಹೆಚ್ಚು ತಗ್ಗಿತು. ಅಷ್ಟೇ ಪ್ರಮಾಣದ ಪ್ಯಾಂಟೊಪ್ರಜೋಲಿನೊಡನೆ ಐದನೆಯ ದಿನ ತಗ್ಗಿದ್ದು ನೂರಕ್ಕೆ 14 ಮಾತ್ರ. ಸಾಮಾನ್ಯವಾಗಿ ಸೇವಿಸುವ ಪ್ರಮಾಣವು ಇದಕ್ಕಿಂತ ಬಹಳ ಕಡಿಮೆಯೆಂಬುದನ್ನೂ ನೆನಪಿಡಬೇಕು.

ಇದರಿಂದ ರೋಗಿಗಳಿಗೆ ನಿಜವಾಗಿ ಎಷ್ಟು ಹಾನಿಯಾಗುತ್ತದೆ? ಇಲ್ಲಿ ಉತ್ತರವು ಅಷ್ಟು ಸರಳವಾಗಿಲ್ಲ. ಆಸ್ಪತ್ರೆಗಳ ದಾಖಲೆಗಳನ್ನು ಜಾಲಾಡಿದ ಹಲವು ಅಧ್ಯಯನಗಳಲ್ಲಿ ಎರಡನ್ನೂ ಸೇವಿಸಿದವರಿಗೆ ಹೃದಯಾಘಾತಗಳು ಹೆಚ್ಚಾಗಿ ಕಂಡವು. ಆದರೆ ಆಮ್ಲದ ಔಷಧವನ್ನು ಪಡೆದವರು ಮೊದಲೇ ಹೆಚ್ಚು ವಯಸ್ಸಾದವರೂ ಹೆಚ್ಚು ಕಾಯಿಲೆಯವರೂ ಆಗಿದ್ದರೆಂಬ ಆಕ್ಷೇಪವಿದೆ. 2010ರಲ್ಲಿ ಪ್ರಕಟವಾದ ಕೋಜೆಂಟ್ ಎಂಬ ಪ್ರಯೋಗದಲ್ಲಿ 3,761 ರೋಗಿಗಳನ್ನು ಚೀಟಿಯೆತ್ತಿದಂತೆ ಎರಡು ಪಂಗಡ ಮಾಡಿ, ಒಂದಕ್ಕೆ ಒಮೆಪ್ರಜೋಲನ್ನೂ ಇನ್ನೊಂದಕ್ಕೆ ಹುಸಿಗುಳಿಗೆಯನ್ನೂ ಕೊಡಲಾಯಿತು. ಹೃದಯದ ಅವಘಡಗಳಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಜಠರ ಮತ್ತು ಕರುಳಿನ ಅವಘಡಗಳಾದರೋ ಸಾವಿರಕ್ಕೆ 29ರಿಂದ 11ಕ್ಕೆ ಇಳಿದವು. ಹಣದ ಅಭಾವದಿಂದ ಪ್ರಯೋಗವು ಅರ್ಧದಲ್ಲಿಯೇ ನಿಂತುದರಿಂದ ಹೃದಯದ ವಿಷಯದಲ್ಲಿ ಕೊನೆಯ ಮಾತು ಹೇಳುವಷ್ಟು ಬಲ ಅದಕ್ಕಿಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 2009ರ ನವೆಂಬರಿನಲ್ಲಿ ಒಮೆಪ್ರಜೋಲ್ ಹಾಗೂ ಅದರ ಸೋದರಿ ಎಸೊಮೆಪ್ರಜೋಲನ್ನು ಕ್ಲೊಪಿಡೊಗ್ರೆಲಿನೊಡನೆ ಕೂಡಿಸಬಾರದೆಂದು ಎಚ್ಚರಿಸಿತು. ಯುರೋಪಿನ ಸಂಸ್ಥೆಯೂ 2010ರಲ್ಲಿ ಅದೇ ನಿಲುವಿಗೆ ಬಂದಿತು. ಹಾನಿ ಸಿದ್ಧವಾಗಿದೆಯೆಂಬುದಕ್ಕಿಂತ, ಅಷ್ಟೇ ಗುಣವುಳ್ಳ ಬೇರೆ ಔಷಧವಿರುವಾಗ ಶಂಕೆಯುಳ್ಳದ್ದನ್ನು ಆರಿಸುವುದೇಕೆ ಎಂಬುದೇ ಈ ಎಚ್ಚರಿಕೆಗೆ ಆಧಾರ. ದಕ್ಷಿಣ ಏಷ್ಯಾದ ಜನರಲ್ಲಿ ಹುಟ್ಟಿನಿಂದಲೇ ಈ ಕಿಣ್ವವು ದುರ್ಬಲವಾಗಿರುವ ಜೀನು ಪಾಶ್ಚಾತ್ಯರಿಗಿಂತ ಹೆಚ್ಚಾಗಿ ಕಂಡುಬರುವುದರಿಂದ ನಮ್ಮವರಿಗೆ ಈ ಮಾತು ಇನ್ನಷ್ಟು ಸಲ್ಲುತ್ತದೆ.

ಡೊಂಬಿವಲಿಯ ಗೃಹಸ್ಥರ ಮನೆಯಲ್ಲಿ ಈ ವಿಚಾರ ತಿಳಿದೊಡನೆ ಎರಡು ತಪ್ಪುಗಳಾಗುವ ಸಂಭವವಿತ್ತು. ಮೊದಲನೆಯದು, ಹೆದರಿ ಕ್ಲೊಪಿಡೊಗ್ರೆಲನ್ನೇ ಬಿಡುವುದು. ಸ್ಟೆಂಟ್ ಹಾಕಿ ಎರಡು ತಿಂಗಳೂ ತುಂಬಿರದಾಗ ಇದಕ್ಕಿಂತ ಅಪಾಯಕರವಾದುದು ಬೇರೊಂದಿಲ್ಲ. ಒಮೆಪ್ರಜೋಲಿನ ಜೊತೆಗಿನ ಅರೆಬರೆ ರಕ್ಷಣೆಯೂ ರಕ್ಷಣೆಯಿಲ್ಲದಿರುವುದಕ್ಕಿಂತ ಮೇಲು. ಪರಿಣಾಮ ಕುಂದಿರಬಹುದೆಂದು ತಾವಾಗಿ ಎರಡು ಗುಳಿಗೆ ನುಂಗುವುದೂ ಸಲ್ಲದು. ಎರಡನೆಯ ತಪ್ಪು, ಆಮ್ಲದ ಔಷಧವನ್ನೇ ನಿಲ್ಲಿಸುವುದು. ಅವರ ವಯಸ್ಸು 65 ಮೀರಿದೆ, ಹಿಂದೆ ಹುಣ್ಣಿನಿಂದ ರಕ್ತ ಹೋಗಿದೆ, ಈಗ ರಕ್ತವನ್ನು ತೆಳುಮಾಡುವ ಎರಡು ಔಷಧಗಳು ಒಟ್ಟಿಗೆ ನಡೆಯುತ್ತಿವೆ. ಅವರಿಗೆ ಆ ಗುಳಿಗೆಯು ಎದೆಯುರಿಯ ಉಪಶಮನಕ್ಕಾಗಿ ಮಾತ್ರ ಕೊಟ್ಟದ್ದಲ್ಲ. ಹುಣ್ಣು ಮತ್ತೆ ಬಾಯ್ದೆರೆಯದಂತೆ ಕಾಯಲು ಕೊಟ್ಟದ್ದು. ಉರಿಯಿಲ್ಲವೆಂದು ಬಿಡತಕ್ಕದ್ದಲ್ಲ.

ಸೊಸೆಯು ಆಸ್ಪತ್ರೆಯ ವೈದ್ಯರಿಗೆ ದೂರವಾಣಿಯಲ್ಲಿ ವಿಷಯ ತಿಳಿಸಿದಳು. ಆ ಕ್ಯಾಪ್ಸೂಲನ್ನು ಅಂದೇ ನಿಲ್ಲಿಸಿ, ಮರುದಿನದಿಂದ ಮೊದಲಿನ ಪ್ಯಾಂಟೊಪ್ರಜೋಲ್ 40 ಮಿಲಿಗ್ರಾಮನ್ನು ತಿಂಡಿಗೆ ಅರ್ಧ ತಾಸು ಮೊದಲು ಕೊಡುವಂತೆ ವೈದ್ಯರು ಹೇಳಿದರು. ಕಿಣ್ವವು ಚೇತರಿಸಿಕೊಂಡು ಕ್ಲೊಪಿಡೊಗ್ರೆಲಿನ ಪೂರ್ಣ ಪ್ರಭಾವ ಮರಳಲು ಕೆಲವು ದಿನ, ಹೆಚ್ಚೆಂದರೆ ಒಂದು ವಾರ ಬೇಕಾಗುತ್ತದೆ. ಡೊಂಪೆರಿಡೋನನ್ನು ಕುರಿತು ವೈದ್ಯರು ಬೇರೆಯಾಗಿಯೇ ಎಚ್ಚರಿಸಿದರು. ಅದು ಕೆಲವರಲ್ಲಿ ಹೃದಯದ ಬಡಿತದ ಲಯವನ್ನು ಕೆಡಿಸಬಲ್ಲುದರಿಂದ, ಹೃದ್ರೋಗಿಗಳು ಬೆರಕೆಯ ಕ್ಯಾಪ್ಸೂಲನ್ನು ಕೇಳದೆ ಕೊಳ್ಳಬಾರದು. ಪ್ಯಾಂಟೊಪ್ರಜೋಲಿನೊಡನೆಯೂ ಈ ಬೆರಕೆ ಅಂಗಡಿಗಳಲ್ಲಿ ಧಾರಾಳವಾಗಿ ದೊರೆಯುತ್ತದೆ.

ಎಲ್ಲರಿಗೂ ಪ್ಯಾಂಟೊಪ್ರಜೋಲೇ ಆಗಬೇಕೆಂದೇನೂ ಇಲ್ಲ. ರಾಬೆಪ್ರಜೋಲ್ ಈ ಕಿಣ್ವವನ್ನು ಅಷ್ಟಾಗಿ ಅವಲಂಬಿಸಿಲ್ಲ. ಅದನ್ನೂ ವೈದ್ಯರು ಬರೆಯುವುದುಂಟು. ಹಿಂದೆ ಹುಣ್ಣಾಗಿರದ, ವಯಸ್ಸೂ ಹೆಚ್ಚಿಲ್ಲದ, ಆಗೀಗ ಉರಿ ಮಾತ್ರ ಬರುವವರಿಗೆ ಫ್ಯಾಮೊಟಿಡಿನ್ ಸಾಕಾಗಬಹುದು. ಅದು ಬೇರೆ ಜಾತಿಯ ಔಷಧ, 2ಸಿ19 ಕಿಣ್ವದ ಗೊಡವೆಗೆ ಹೋಗುವುದಿಲ್ಲ. ಆದರೆ ಕೆಲವು ವಾರಗಳಲ್ಲಿ ದೇಹವು ಅದಕ್ಕೆ ಒಗ್ಗಿಕೊಂಡು ಪರಿಣಾಮ ಕುಗ್ಗುತ್ತದೆ. ರಕ್ತಸ್ರಾವವನ್ನು ತಡೆಯುವುದರಲ್ಲಿ ಪಂಪನ್ನು ನಿಲ್ಲಿಸುವ ಔಷಧಗಳಷ್ಟು ಸಮರ್ಥವಲ್ಲ. ಮೂತ್ರಪಿಂಡ ದುರ್ಬಲವಾಗಿದ್ದರೆ ಪ್ರಮಾಣ ಇಳಿಸಬೇಕು. ಆದ್ದರಿಂದ ಡೊಂಬಿವಲಿಯ ಗೃಹಸ್ಥರಿಗೆ ಅದು ತಕ್ಕುದಲ್ಲ. ಅದೇ ಜಾತಿಯ ಸಿಮೆಟಿಡಿನ್ ಮಾತ್ರ ಯಕೃತ್ತಿನ ಕಿಣ್ವಗಳನ್ನು ತಡೆಯುವುದರಿಂದ ಯಾರಿಗೂ ಸಲ್ಲದು. ಬಾಟಲಿಯಲ್ಲಿ ಬರುವ ಬಿಳಿಯ ದ್ರವವು ಆ ಹೊತ್ತಿನ ಉರಿಯನ್ನು ತಣಿಸೀತು, ಹುಣ್ಣನ್ನು ಕಾಯಲಾರದು. ಇನ್ನು ಕ್ಲೊಪಿಡೊಗ್ರೆಲಿನ ಬದಲು ಟಿಕಾಗ್ರೆಲರ್ ಅಥವಾ ಪ್ರಾಸುಗ್ರೆಲ್ ಸೇವಿಸುವವರಿಗೆ ಈ ತೊಡಕೇ ಇಲ್ಲ.

ಕ್ಲೊಪಿಡೊಗ್ರೆಲಿನ ಶಕ್ತಿ ಕುಂದಿದುದು ರೋಗಿಗೆ ತಿಳಿಯುವುದಿಲ್ಲ, ನೋವಿಲ್ಲ, ಆಯಾಸವಿಲ್ಲ. ಪಟ್ಟಿಯ ಮೇಲೆ ಕಂಪನಿಯ ಹೆಸರನ್ನು ಬಿಟ್ಟು ಅದರ ಬಳಿಯ ಮೂಲ ಔಷಧದ ಹೆಸರನ್ನು ಓದುವುದೊಂದೇ ದಾರಿ. ಕಂಪನಿಯ ಹೆಸರುಗಳು ಒಂದನ್ನೊಂದು ಹೋಲುತ್ತವೆ. ಮೂಲ ಹೆಸರು ಬದಲಾಗುವುದಿಲ್ಲ. ರಕ್ತಸ್ರಾವವಾದರೋ ಗುರುತು ಕೊಡುತ್ತದೆ: ಮಲವು ಡಾಂಬರಿನಂತೆ ಕಪ್ಪಾಗಿ, ಅಂಟಂಟಾಗಿ, ದುರ್ವಾಸನೆಯಿಂದ ಕೂಡಿರುತ್ತದೆ. ಕಬ್ಬಿಣದ ಗುಳಿಗೆ ನುಂಗುವವರಿಗೂ ಮಲ ಕಪ್ಪಾಗುವುದುಂಟು, ಆದರೆ ಅದರಲ್ಲಿ ಆ ಅಂಟೂ ಆ ನಾತವೂ ಇರುವುದಿಲ್ಲ. ತಲೆಸುತ್ತು ಜೊತೆಗೂಡಿದರೆ ಆಸ್ಪತ್ರೆಗೆ ಆಗಲೇ ಹೋಗಬೇಕು. ಮೊಣಕಾಲು ನೋವಿಗೆ ತಾವೇ ನುಂಗುವ ನೋವಿನ ಮಾತ್ರೆಗಳು ಈ ಸ್ರಾವಕ್ಕೆ ದೊಡ್ಡ ಕಾರಣ.

ಇದರ ವಿರುದ್ಧ ದಿಕ್ಕಿನ ಮೋಸವೂ ಒಂದಿದೆ. ಉಂಡು ಮಲಗಿದಾಗ ಬಂದು ಹುಳಿತೇಗಿನೊಡನೆ ಮೇಲೇರುವ ಉರಿ ಬಹುಮಟ್ಟಿಗೆ ಜಠರದ್ದು. ನಿಲ್ದಾಣದ ಸೇತುವೆಯ ಮೆಟ್ಟಿಲು ಹತ್ತುವಾಗ ಬಂದು, ನಿಂತರೆ ಶಮನವಾಗುವ ಉರಿ ಅಥವಾ ಬಿಗಿತ ಹೃದಯದ್ದು; ಅದನ್ನು ಅಂದೇ ವೈದ್ಯರಿಗೆ ತೋರಿಸಬೇಕು. ಕುಳಿತಲ್ಲಿಯೇ ಬಂದು, ಬೆವರಿನೊಡನೆ ಹತ್ತು ಹದಿನೈದು ನಿಮಿಷ ಬಿಡದಿದ್ದರೆ, ಅದು ಗ್ಯಾಸೋ ಅಲ್ಲವೋ ಎಂದು ಮನೆಯಲ್ಲಿ ತೀರ್ಮಾನಿಸತಕ್ಕದ್ದಲ್ಲ. ಸ್ಟೆಂಟ್ ಇರುವವರನ್ನು ನೇರವಾಗಿ ಆಸ್ಪತ್ರೆಗೆ ಒಯ್ಯಬೇಕು.

ಹೃದಯಾಘಾತದ ಬಳಿಕ ಎರಡು ಗುಳಿಗೆಗಳ ಚಿಕಿತ್ಸೆಯು ಸಾಮಾನ್ಯವಾಗಿ ಹನ್ನೆರಡು ತಿಂಗಳು ನಡೆಯುತ್ತದೆ. ಆಘಾತವಾಗದೆ ಸ್ಟೆಂಟ್ ಹಾಕಿಸಿಕೊಂಡವರಿಗೆ ಆರು ತಿಂಗಳಲ್ಲಿಯೇ ಮುಗಿಯಬಹುದು. ಪ್ಯಾಂಟೊಪ್ರಜೋಲ್ ಅಲ್ಲಿಯವರೆಗೂ ಜೊತೆಗಿರಬೇಕು. ವರ್ಷಗಟ್ಟಲೆ ಸೇವಿಸಿದರೆ ಬಿ12 ಜೀವಸತ್ವವೂ ಮೆಗ್ನೀಶಿಯಂ ಲವಣವೂ ಕಡಿಮೆಯಾಗುವ ಸಂಭವವಿರುವುದರಿಂದ, ಒಂದು ಔಷಧವನ್ನು ನಿಲ್ಲಿಸುವ ದಿನವೇ ಇದನ್ನು ಮುಂದುವರಿಸಬೇಕೇ ಎಂದು ವೈದ್ಯರನ್ನು ಕೇಳಬೇಕು. ಡೊಂಬಿವಲಿಯ ಗೃಹಸ್ಥರ ಉತ್ತರ ಬಹುಶಃ ಹೌದೆಂದೇ ಇರುತ್ತದೆ. ಹಳೆಯ ಹುಣ್ಣಿನವರಿಗೆ ಆಸ್ಪಿರಿನ್ ಒಂದೇ ಉಳಿದರೂ ಕಾವಲು ಬೇಕು. ಸೊಸೆಯು ಅವರ ಔಷಧದ ಡಬ್ಬಿಯ ಮುಚ್ಚಳದ ಒಳಗೆ, ಅಂಗಡಿಗೆ ಯಾರು ಹೋದರೂ ಕಾಣುವಂತೆ, 'ಪ್ಯಾಂಟೊಪ್ರಜೋಲ್ 40, ಬೆರಕೆಯಿಲ್ಲದ್ದು' ಎಂದು ಬರೆದು ಅಂಟಿಸಿದ್ದಾಳೆ.