ಮಾಸ್ಟರ್ ಪದವಿಯ ಉದ್ದೇಶಪತ್ರ

ನಮ್ಮ ಪಾಠಶಾಲೆಯನ್ನು ಬಿಟ್ಟು ಹೋಗಿ, ಕೆಲವು ವರ್ಷ ಉದ್ಯೋಗದಲ್ಲಿದ್ದು, ಅನಂತರ ಮಾಸ್ಟರ್ ಪದವಿಗೆ ಅರ್ಜಿ ಹಾಕುವ ಪೂರ್ವವಿದ್ಯಾರ್ಥಿನಿಯರು ತಮ್ಮ ಉದ್ದೇಶಪತ್ರವನ್ನು ತಿದ್ದಿಕೊಡಬೇಕೆಂದು ನನ್ನಲ್ಲಿಗೆ ಬರುವುದುಂಟು. ಸ್ಟೇಟ್‌ಮೆಂಟ್ ಆಫ್ ಪರ್ಪಸ್ ಎಂದು ಕರೆಯುವ ಈ ಪತ್ರವು ಸಾಮಾನ್ಯವಾಗಿ ಒಂದೆರಡು ಪುಟಗಳದ್ದು. ಅಂಕಪಟ್ಟಿಯೂ ಶಿಫಾರಸು ಪತ್ರಗಳೂ ಬೇರೆಯಾಗಿಯೇ ಹೋಗುತ್ತವಾದ್ದರಿಂದ ಅವುಗಳಲ್ಲಿರುವುದನ್ನು ಇಲ್ಲಿ ಪುನಃ ಹೇಳಬೇಕಾಗಿಲ್ಲ. ಇಷ್ಟು ದಿನ ಮಾಡಿದ ಕೆಲಸಕ್ಕೂ ಈಗ ಆರಿಸಿಕೊಂಡ ವ್ಯಾಸಂಗಕ್ಕೂ ಸಂಬಂಧವೇನೆಂಬುದನ್ನು ಮಾತ್ರ ಈ ಪತ್ರವಲ್ಲದೆ ಬೇರೆ ಯಾವುದೂ ತಿಳಿಸಲಾರದು.

ಒಬ್ಬ ಪೂರ್ವವಿದ್ಯಾರ್ಥಿನಿಯ ಪತ್ರವನ್ನು ಆಕೆಯ ಅನುಮತಿ ಪಡೆದು ಇಲ್ಲಿ ಎತ್ತಿಕೊಳ್ಳುತ್ತೇನೆ. ಆಕೆಯು ಹಳ್ಳಿಗಾಡಿನ ಒಂದು ಆಸ್ಪತ್ರೆಯಲ್ಲಿ ಆರು ವರ್ಷ ನರ್ಸಾಗಿದ್ದು, ಸಾರ್ವಜನಿಕ ಆರೋಗ್ಯಶಾಸ್ತ್ರದ ಮಾಸ್ಟರ್ ಪದವಿಗೆ ಅರ್ಜಿ ಹಾಕಿದ್ದಳು. ಮೊದಲನೆಯ ವರ್ಷ ಅರ್ಜಿಯು ತಿರಸ್ಕೃತವಾಯಿತು. ಆ ಪತ್ರವನ್ನು ತರಿಸಿ ನೋಡಿದೆನು. ಅದು ಫ್ಲಾರೆನ್ಸ್ ನೈಟಿಂಗೇಲರ ದೀಪದಿಂದ ಆರಂಭವಾಗಿ, ಬಾಲ್ಯದಿಂದಲೂ ತನಗಿದ್ದ ಸೇವಾಭಿಲಾಷೆಯನ್ನು ವರ್ಣಿಸಿ, ತಾನು ಕೆಲಸಮಾಡಿದ ವಾರ್ಡುಗಳ ಪಟ್ಟಿಯನ್ನು ಕೊಟ್ಟು, ಆ ವಿಶ್ವವಿದ್ಯಾಲಯದ ಕೀರ್ತಿಯನ್ನು ಹೊಗಳಿ ಮುಗಿದಿತ್ತು. (ನೈಟಿಂಗೇಲರು ಅಂಕಿಅಂಶಗಳ ಶಾಸ್ತ್ರದಲ್ಲಿಯೂ ನಿಪುಣರಾಗಿದ್ದರೆಂದು ಬರೆದಿದ್ದರೆ ಸ್ವಲ್ಪವಾದರೂ ಪ್ರಯೋಜನವಾಗುತ್ತಿತ್ತು.) ವಿಶ್ವವಿದ್ಯಾಲಯದ ಹೆಸರನ್ನು ಹೊಡೆದುಹಾಕಿ ಬೇರೊಂದರ ಹೆಸರನ್ನು ಬರೆದೆನು, ಒಂದು ವಾಕ್ಯವೂ ಕೆಡಲಿಲ್ಲ. ಸಾರ್ವಜನಿಕ ಆರೋಗ್ಯವೆಂಬುದನ್ನು ತೆಗೆದು ಆಸ್ಪತ್ರೆಯ ಆಡಳಿತವೆಂದು ಬರೆದೆನು, ಆಗಲೂ ಕೆಡಲಿಲ್ಲ. ಪತ್ರದಲ್ಲಿ ಸಂಬಂಧವಿಲ್ಲವೆಂದು ತಿಳಿಯಲು ಈ ಪರೀಕ್ಷೆಯೇ ಸಾಕು.

"ಇಷ್ಟು ಅನುಭವವಿದ್ದವಳು ಪುನಃ ಓದಲು ಹೊರಟದ್ದೇಕೆ?" ಎಂದು ಕೇಳಿದೆನು.

"ಗರ್ಭಿಣಿಯರಿಗೆ ಕಬ್ಬಿಣಾಂಶದ ಮಾತ್ರೆ ಕೊಡುತ್ತೇವೆ, ಟೀಚರೇ. ಆದರೂ ಕೆಲವರಿಗೆ ರಕ್ತ ಏರುವುದೇ ಇಲ್ಲ. ಏಕೆಂದು ನನಗೆ ತಿಳಿಯಲಿಲ್ಲ" ಎಂದಳು.

"ಅದನ್ನೇ ಬರೆ, ಮಗಳೇ" ಎಂದೆನು.

ಆಕೆಯು ಬರೆದ ಹೊಸ ಪತ್ರದ ನಡುಭಾಗವು ಹೀಗಿತ್ತು: "ನಮ್ಮಲ್ಲಿ ಗರ್ಭಿಣಿಯರಿಗೆ ದಿನಕ್ಕೊಂದರಂತೆ 180 ದಿನ ಕಬ್ಬಿಣಾಂಶದ ಮಾತ್ರೆಯನ್ನು ಕೊಡಬೇಕೆಂಬ ನಿಯಮವಿದೆ. ಹೀಗಿದ್ದರೂ ತಿಂಗಳುಗಳ ತರುವಾಯ ಹಲವರ ಹಿಮೋಗ್ಲೋಬಿನ್ 11 ಗ್ರಾಮಿಗಿಂತ ಕಡಮೆಯಾಗಿಯೇ ಇರುವುದನ್ನು ಕಂಡೆನು. ಅವರ ಮನೆಗಳಿಗೆ ಹೋದಾಗ ಕೆಲವರು ಮಾತ್ರೆಯನ್ನು ಚಹಾದೊಡನೆ ನುಂಗುತ್ತಿದ್ದರು. ಚಹಾ ಕಬ್ಬಿಣಾಂಶವನ್ನು ಮೈಗೆ ಹತ್ತಗೊಡದು. ಚಹಾವೇ ಕಾರಣವೆಂದೆಣಿಸಿ ಎಲ್ಲರಿಗೂ ಬುದ್ಧಿ ಹೇಳಿದೆನು. ಆದರೆ ಅದೇ ಮನೆಗಳಲ್ಲಿ ನುಂಗದೆ ಬಿಟ್ಟ ಮಾತ್ರೆಗಳೂ ಇದ್ದವು, ಊಟವೂ ಕಡಮೆಯಿತ್ತು. ಈ ಮೂರರಲ್ಲಿ ಯಾವುದು ಎಷ್ಟರಮಟ್ಟಿಗೆ ಕಾರಣವೆಂಬುದನ್ನು ಬೇರ್ಪಡಿಸುವ ಮಾರ್ಗವು ನನಗೆ ತಿಳಿಯದು. ಎಪಿಡೆಮಿಯಾಲಜಿಯನ್ನು ಕಲಿಯಬೇಕೆಂದಿರುವುದು ಇದಕ್ಕಾಗಿ."

ಒಂದು ಕಾರಣದ ಮರೆಯಲ್ಲಿ ಇನ್ನೊಂದು ಕಾರಣ ಅಡಗಿರುವುದನ್ನು ಬೇರ್ಪಡಿಸಿ ನೋಡುವುದು ಎಪಿಡೆಮಿಯಾಲಜಿಯ ಮೊದಲ ಪಾಠಗಳಲ್ಲಿ ಒಂದು. ಆಕೆಗೆ ಆ ಪಾಠದ ಹೆಸರು ಗೊತ್ತಿರಲಿಲ್ಲವಾದರೂ ಅದರ ಅಗತ್ಯವು ಗೊತ್ತಿತ್ತು. ಪತ್ರವನ್ನು ಓದುವ ಅಧ್ಯಾಪಕರು ಹುಡುಕುವುದು ಇದನ್ನೇ. ಆಕೆಯು ಚಹಾದ ವಿಷಯದಲ್ಲಿ ತಾನು ಅವಸರಪಟ್ಟುದನ್ನು ಬಚ್ಚಿಡಬೇಕೆಂದಿದ್ದಳು, ನಾನು ಬೇಡವೆಂದೆನು. ಅದನ್ನು ತೆಗೆದರೆ ಓದುವ ಕಾರಣವೇ ಹೋಗಿಬಿಡುತ್ತಿತ್ತು.

ಇಷ್ಟಾದ ಮೇಲೆ ಉಳಿದ ಭಾಗಗಳು ಸುಲಭವಾದವು. ಪಠ್ಯಕ್ರಮದ ಪುಟವನ್ನು ನೋಡಿ, ತನ್ನ ಪ್ರಶ್ನೆಗೆ ಬೇಕಾದ ಎರಡು ವಿಷಯಗಳನ್ನು ಮಾತ್ರ ಹೆಸರಿಸಿದಳು. ಪ್ರಬಂಧಕ್ಕಾಗಿ ರಕ್ತಹೀನತೆಯನ್ನೇ ನಿರ್ಮೂಲಮಾಡುವೆನೆಂದು ಮೊದಲು ಬರೆದಿದ್ದಳು. ಕೆಲವೇ ತಿಂಗಳುಗಳ ಪ್ರಬಂಧದಲ್ಲಿ ಅದಾಗುವುದೇ? "ಮಾತ್ರೆ ನುಂಗಿದೆನು" ಎಂಬ ಬಾಯಿಮಾತಿಗೂ, ಮನೆಯಲ್ಲಿ ಉಳಿದ ಮಾತ್ರೆಗಳನ್ನು ಎಣಿಸಿದಾಗ ತಿಳಿಯುವುದಕ್ಕೂ ಎಷ್ಟು ವ್ಯತ್ಯಾಸವೆಂದು ನೋಡಲು ಇಚ್ಛಿಸುತ್ತೇನೆಂದು ತಿದ್ದಿದಳು. ಎರಡನೆಯ ವರ್ಷದ ಅಂಕಗಳು ಕಡಮೆಯಾಗಿದ್ದುದಕ್ಕೆ ತಂದೆಯ ಕಾಯಿಲೆಯೇ ಕಾರಣವೆಂದು ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಹೋದಳು.

ಮಗಳ ಪತ್ರವನ್ನು ಇತರರಿಂದ ಬರೆಯಿಸಲು ಹಣ ಕೊಡುವ ತಂದೆತಾಯಂದಿರಿಗೆ ಒಂದು ಮಾತು. ಬರೆದುಕೊಡುವವನು ಆ ಮನೆಗಳಿಗೆ ಹೋದವನಲ್ಲ. ಅವನಿಂದ ದೊರೆಯುವುದು ಪುನಃ ಆ ದೀಪವೇ.

ಈ ಸಾರಿ ಆಕೆಯನ್ನು ಸಂದರ್ಶನಕ್ಕೆ ಕರೆದರು. ಅರ್ಧಗಂಟೆಯ ಮಾತಿನಲ್ಲಿ ಬಹುಭಾಗವು ಆ ಚಹಾದ ವಿಚಾರವಾಗಿಯೇ ನಡೆಯಿತೆಂದು ನನಗೆ ಕಾಗದ ಬರೆದಳು.